ಆರದ ಗಾಯ, ‘ಕ್ಯಾನ್ಸರ್ ಕಂಡಿಲ್ಲ’ ಅಂದ ರಿಪೋರ್ಟು, ಮತ್ತೆ ಎರಡನೇ ತುಂಡು

ಹೊಸನಗರ ಕಡೆಯ ಒಬ್ಬ ಅಮ್ಮನ ಕೇಸ್ ಇದು. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದೀನಿ. ವಯಸ್ಸು 61, ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಆಗಿದೆ, ಮೂರು ಹೆರಿಗೆ, ಸಕ್ಕರೆ ಕಾಯಿಲೆ ಇದೆ, ಮನೆಯಲ್ಲಿ ಸ್ವಲ್ಪ ಅಡಿಕೆ ತೋಟ. ಯೋನಿಯ ಹೊರಭಾಗದಲ್ಲಿ, ಎಡಗಡೆ ದೊಡ್ಡ ತುಟಿ ಮೇಲೆ ಒಂದು ಗಾಯ. ಸುಮಾರು ಏಳು ತಿಂಗಳಿಂದ ಆರಿಲ್ಲ. ನನ್ನ ಹತ್ರ ಬರೋಕೆ ಮುಂಚೆನೇ ಒಂದು ಬಯಾಪ್ಸಿ ಆಗಿತ್ತು, ಅಂದ್ರೆ ಗಾಯದ ಸಣ್ಣ ತುಂಡು ತೆಗೆದು ಟೆಸ್ಟಿಗೆ ಕಳಿಸಿದ್ರು, ರಿಪೋರ್ಟಲ್ಲಿ ಕ್ಯಾನ್ಸರ್ ಕಂಡಿಲ್ಲ ಅಂತ ಬರೆದಿತ್ತು, ಮನೆಯವರು ದೇವರಿಗೆ ಕೈ ಮುಗಿದು ಅಲ್ಲಿಗೆ ಬಿಟ್ಟುಬಿಟ್ಟಿದ್ರು. ಈ ಕೇಸ್ ಬರೀಬೇಕು ಅನ್ಸಿದ್ದೇ ಆ ರಿಪೋರ್ಟಿಂದ.

ಕಥೆ ಗಾಯದಿಂದ ಶುರುವಾಗಿದ್ದಲ್ಲ, ತುರಿಕೆಯಿಂದ. ಎಷ್ಟು ವರ್ಷದಿಂದಮ್ಮ ತುರಿಕೆ ಅಂತ ಕೇಳಿದ್ರೆ ಮೊದಲು "ಈಗೀಗ" ಅಂದ್ರು, ಆಮೇಲೆ ಸೊಸೆ ಆಚೆ ಹೋದ ಮೇಲೆ ಮೆಲ್ಲಗೆ "ಕಿರಿ ಮಗನ ಮದುವೆ ಹೊತ್ತಿಗೇ ಇತ್ತು ಡಾಕ್ಟ್ರಮ್ಮ" ಅಂದ್ರು. ಅಂದ್ರೆ ಎಂಟು ಒಂಬತ್ತು ವರ್ಷ! ರಾತ್ರಿ ಮಲಗಿದ ಮೇಲೆ ಜಾಸ್ತಿ, ನಿದ್ದೆಯಲ್ಲೇ ಕೆರೆದುಕೊಂಡು ಬೆಳಿಗ್ಗೆ ಉರಿ. ಬಿಸಿನೀರಿಗೆ ಉಪ್ಪು ಹಾಕಿ ತೊಳೆದರು, ಬೇವಿನೆಲೆ ಕುದಿಸಿ ತೊಳೆದರು, ಮೆಡಿಕಲ್ ಶಾಪಲ್ಲಿ ಹುಳಕಡ್ಡಿ ಟ್ಯೂಬು ಅಂತ ಕೊಡ್ತಾರಲ್ಲ ಅದನ್ನ ಹಚ್ಚಿದರು. ಆ ಟ್ಯೂಬ್ ಹಚ್ಚಿದಾಗ ಕಡಿಮೆ ಆಗ್ತಿತ್ತಂತೆ, ಬಿಟ್ಟ ತಕ್ಷಣ ಮತ್ತೆ ಶುರು. ಇದಕ್ಕೆ ಕಾರಣ ಇದೆ. ಅಂಥ ಎಷ್ಟೋ ಟ್ಯೂಬಲ್ಲಿ ಫಂಗಸ್ ಔಷಧಿ ಜೊತೆ ಸ್ಟೆರಾಯ್ಡೂ ಸೇರಿರುತ್ತೆ, ತುರಿಕೆ ಇಳಿಸೋದು ಆ ಸ್ಟೆರಾಯ್ಡು, ಆದ್ರೆ ಹಚ್ಚಿದವರಿಗೆ "ಫಂಗಸ್ಸೇ ಇತ್ತು, ಔಷಧಿ ಹಿಡೀತು" ಅಂತ ಅನ್ಸುತ್ತೆ, ಮುಂದಿನ ಸಲನೂ ಅದೇ ಟ್ಯೂಬು. ಹೀಗೆ ವರ್ಷಗಟ್ಟಲೆ ಯಾರೂ ಆ ಜಾಗ ನೋಡಿಲ್ಲ. ಡಾಕ್ಟ್ರ ಹತ್ರ ಹೋದಾಗಲೂ ಬಾಯಲ್ಲಿ ಹೇಳಿದ್ರು, ಚೀಟಿ ಬರೆಸಿಕೊಂಡು ಬಂದ್ರು, ಅಷ್ಟೇ. ಅಮ್ಮನೂ ತೋರಿಸೋಕೆ ನಾಚಿಕೊಂಡ್ರು, ಡಾಕ್ಟ್ರೂ ನೋಡ್ತೀನಿ ಮಲಗಿ ಅನ್ನಲಿಲ್ಲ.

ಗಾಯ ಆದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, ಶುಗರ್ ಗಾಯ. ಅದು ತೀರಾ ತಪ್ಪು ಊಹೆ ಅಂತ ನಾನು ಹೇಳಲ್ಲ. ಸಕ್ಕರೆ ಜಾಸ್ತಿ ಇದ್ದವರಿಗೆ ಅಲ್ಲಿ ಫಂಗಸ್ ಆಗೋದು, ಕೆರೆದು ಹುಣ್ಣಾಗೋದು ನಾವು ದಿನಾ ನೋಡೋದೇ. ಆದ್ರೆ ಆ ಗಾಯಗಳು ಹೇಗಿರುತ್ತೆ ಗೊತ್ತಾ, ಸಕ್ಕರೆ ಹಿಡಿತಕ್ಕೆ ಬಂದು, ಫಂಗಸ್ ಔಷಧಿ ಸರಿಯಾಗಿ ಒಂದೆರಡು ವಾರ ಹಚ್ಚಿದ್ರೆ ಕಣ್ಣಿಗೆ ಕಾಣೋ ಹಾಗೆ ಇಳಿಯುತ್ತೆ. ಈ ಅಮ್ಮನ ಸಕ್ಕರೆ ಮಾತ್ರೆ ಬದಲಾಯಿಸಿ ಮೂರು ತಿಂಗಳಲ್ಲಿ ಚೆನ್ನಾಗೇ ಕಂಟ್ರೋಲಿಗೆ ಬಂದಿತ್ತು, ಕಾಲಿಗೆ ಕತ್ತಿ ತಾಗಿದ ಗಾಯ ಮಾಮೂಲಿ ಹಂಗೆ ಒಣಗಿತ್ತು, ಇದೊಂದು ಮಾತ್ರ ಹಾಗೇ ಇತ್ತು. ಬೇರೆ ಗಾಯ ಆರುತ್ತೆ, ಇದು ಆರಲ್ಲ ಅಂದ್ರೆ ಸಕ್ಕರೆ ಮೇಲೆ ಹಾಕೋಕೆ ಬರಲ್ಲ.

ಆ ಜಾಗದ ಬೇರೆ ಹುಣ್ಣುಗಳಿಗೂ ಅವುಗಳದ್ದೇ ಒಂದು ಅವಧಿ ಇರುತ್ತೆ. ಹರ್ಪೀಸ್ ಆದ್ರೆ ಸಣ್ಣ ಸಣ್ಣ ಗುಳ್ಳೆ ಒಡೆದು ಕಣ್ಣೀರು ಬರೋ ನೋವು, ಎರಡು ಮೂರು ವಾರದಲ್ಲಿ ತಾನಾಗೇ ಒಣಗುತ್ತೆ. ಸಿಫಿಲಿಸ್ ಹುಣ್ಣು ನೋವಿಲ್ಲದ್ದು, ಅದೂ ಔಷಧಿ ಇಲ್ಲದೇನೇ ಮೂರರಿಂದ ಆರು ವಾರದಲ್ಲಿ ಮುಚ್ಚಿಕೊಳ್ಳುತ್ತೆ, ಆದ್ರೆ ಕಾಯಿಲೆ ಒಳಗೇ ಉಳಿಯುತ್ತೆ ಅದು ಬೇರೆ ಮಾತು. ಡೋನೋವನೋಸಿಸ್ ಅನ್ನೋ ಲೈಂಗಿಕ ಸೋಂಕು, ಟಿಬಿ ಥರದವು ತಿಂಗಳುಗಟ್ಟಲೆ ಎಳೀತವೆ, ಆದ್ರೆ ಅವನ್ನ ಹಿಡಿಯೋಕೂ ಕೊನೆಗೆ ಆ ಜಾಗದ ಟಿಶ್ಯೂನೇ ಬೇಕಾಗುತ್ತೆ. ಅದಕ್ಕೇ, ಮುಟ್ಟು ನಿಂತವರಲ್ಲಿ ಒಂದು ಹುಣ್ಣೋ ಗಂಟೋ ಕಾರಣ ಗೊತ್ತಿಲ್ಲದೆ ಕೂತಿದೆ ಅಂದ್ರೆ ನಾನು ಮುಲಾಮು ಕೊಟ್ಟು ಕಾಯಲ್ಲ. ಚಿಕ್ಕ ವಯಸ್ಸಿನವರಲ್ಲೂ ಸರಿಯಾದ ಔಷಧಿ ಕೊಟ್ಟು ನಾಲ್ಕು ವಾರ ಆದ್ರೂ ಹಾಗೇ ಇದ್ರೆ ತುಂಡು ತೆಗೆದು ನೋಡ್ತೀನಿ.

ಈಗ ಆ ಮೊದಲನೇ ರಿಪೋರ್ಟಿಗೆ ಬರೋಣ. ಸೊಸೆ ಪ್ಲಾಸ್ಟಿಕ್ ಕವರಲ್ಲಿ ಜೋಪಾನವಾಗಿ ಇಟ್ಕೊಂಡಿದ್ಲು, ಪುಣ್ಯ. ಬೇರೆ ಕಡೆ ತೆಗೆದದ್ದು, ಎಲ್ಲಿ ಅನ್ನೋದು ಇಲ್ಲಿ ಬೇಡ. ಕೊನೆ ಸಾಲಲ್ಲಿ "ಕ್ಯಾನ್ಸರ್ ಕಂಡುಬಂದಿಲ್ಲ" ಅಂತ ಇತ್ತು, ಎಲ್ಲರೂ ಓದಿದ್ದು ಅದೊಂದೇ. ಅದರ ಮೇಲಿನ ಎರಡು ಸಾಲು ಯಾರೂ ಓದಿರಲಿಲ್ಲ. ಅಲ್ಲಿ ಬರೆದಿದ್ದೇನು ಅಂದ್ರೆ, ಕಳಿಸಿದ ತುಂಡಲ್ಲಿ ಇದ್ದದ್ದು ಗಾಯದ ತಳದ ಕೊಳೆತ ಪದರ ಮತ್ತು ಊತದ ಅಂಗಾಂಶ ಮಾತ್ರ, ಮೇಲ್ಚರ್ಮ ಇಲ್ಲ. ಈ ಜಾಗದ ಕ್ಯಾನ್ಸರ್ ಹತ್ತರಲ್ಲಿ ಒಂಬತ್ತು ಹುಟ್ಟೋದೇ ಮೇಲ್ಚರ್ಮದಲ್ಲಿ, ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಅನ್ನೋದು ಅದೇ. ಮೇಲ್ಚರ್ಮವೇ ಇಲ್ಲದ ತುಂಡು ಕೊಟ್ಟರೆ ಪೆಥಾಲಜಿ ಡಾಕ್ಟ್ರು ಪಾಪ ಇನ್ನೇನು ಹೇಳ್ತಾರೆ, ಕಂಡಿಲ್ಲ ಅಂತಾರೆ. ಅದು ಸುಳ್ಳಲ್ಲ. ಆದ್ರೆ ‘ಇಲ್ಲ’ ಅನ್ನೋದಕ್ಕೂ ‘ಈ ತುಂಡಲ್ಲಿ ಕಂಡಿಲ್ಲ’ ಅನ್ನೋದಕ್ಕೂ ಇರೋ ಅಂತರದಲ್ಲಿ ಈ ಅಮ್ಮನ ಎರಡು ತಿಂಗಳು ಹೋಗಿತ್ತು.

ತುಂಡು ಬಂದಿದ್ದು ಗಾಯದ ಮಧ್ಯದಿಂದ. ಮಧ್ಯದಲ್ಲಿ ಸತ್ತ ಟಿಶ್ಯೂ, ಕೀವು, ಸೋಂಕು ಇಷ್ಟೇ ಇರುತ್ತೆ. ರೋಗ ಜೀವಂತವಾಗಿ ಬೆಳೀತಿರೋದು ಅಂಚಲ್ಲಿ, ಕಾಡಿನ ಬೆಂಕಿ ಹೇಗೆ ಸುಟ್ಟು ಬೂದಿಯಾದ ನಡುವಲ್ಲಿ ಇರದೆ ಸುತ್ತಿನ ಅಂಚಲ್ಲಿ ಹರಿಯುತ್ತೋ ಹಾಗೆ. ಅಂಚಿನ ತುಂಡು ತೆಗೆದ್ರೆ ಮಾತ್ರ ಒಂದು ಕಡೆ ಗಾಯ, ಒಂದು ಕಡೆ ಇನ್ನೂ ಒಡೆಯದ ಚರ್ಮ, ನಡುವೆ ಏನಾಗ್ತಿದೆ ಅಂತ ಮೈಕ್ರೋಸ್ಕೋಪಲ್ಲಿ ಕಾಣೋದು.

ಟೇಬಲ್ ಮೇಲೆ ಮಲಗಿಸಿ ಒಳ್ಳೆ ಲೈಟ್ ಹಾಕಿ ನೋಡಿದೆ. ಗಾಯಕ್ಕಿಂತ ಮುಂಚೆ ಕಣ್ಣಿಗೆ ಬಿದ್ದದ್ದು ಸುತ್ತಲಿನ ಚರ್ಮ. ಬೆಳ್ಳಗೆ, ತೆಳ್ಳಗೆ, ಸುಕ್ಕು ಸುಕ್ಕಾಗಿ ಹೊಳೀತಿತ್ತು, ಒಳಗಿನ ಸಣ್ಣ ತುಟಿಗಳು ಹೆಚ್ಚುಕಮ್ಮಿ ಕರಗಿ ಹೋಗಿ ಗೋಡೆಗೆ ಅಂಟಿಕೊಂಡಂಗೆ ಆಗಿದ್ವು, ಯೋನಿಯ ಬಾಯಿ ಕಿರಿದಾಗಿತ್ತು, ಗುದದ ಸುತ್ತನೂ ಅದೇ ಬಿಳುಪು. ಇದು ಲೈಕೆನ್ ಸ್ಕ್ಲೀರೋಸಸ್ ಅನ್ನೋ ಚರ್ಮದ ಕಾಯಿಲೆ. ತೊನ್ನು ಅಂತ ತಿಳ್ಕೊಂಡು ಹೆದರಿ ಮುಚ್ಚಿಡೋರು ಇದಾರೆ, ಇದು ತೊನ್ನಲ್ಲ, ಅಂಟುರೋಗವೂ ಅಲ್ಲ, ಗಂಡನಿಂದ ಬಂದದ್ದೂ ಅಲ್ಲ. ವರ್ಷಾನುಗಟ್ಟಲೆ ರಾತ್ರಿ ತುರಿಕೆಗೆ ಇದೇ ಕಾರಣ. ಇದು ಇದ್ದವರಿಗೆಲ್ಲ ಕ್ಯಾನ್ಸರ್ ಆಗಲ್ಲ, ನೂರು ಜನರಲ್ಲಿ ಐದಕ್ಕಿಂತ ಕಡಿಮೆ ಜನಕ್ಕೆ ಆಗಬಹುದು, ಸರಿಯಾಗಿ ಔಷಧಿ ಹಚ್ಚುತ್ತಾ ಇದ್ದವರಲ್ಲಿ ಇನ್ನೂ ಕಡಿಮೆ. ಆದ್ರೆ ಔಷಧಿಯೇ ಕಾಣದ ಲೈಕೆನ್ ಸ್ಕ್ಲೀರೋಸಸ್ ಮೇಲೆ ಒಂದು ಹುಣ್ಣು ಕೂತಿದೆ ಅಂದ್ರೆ ಅದನ್ನ ಬೇರೆ ಕಣ್ಣಲ್ಲಿ ನೋಡಬೇಕಾಗುತ್ತೆ.

ಗಾಯ ಸುಮಾರು ಒಂದೂವರೆ ಸೆಂಟಿಮೀಟರ್. ನೋವು ಅಷ್ಟೇನಿಲ್ಲ, ಮೂತ್ರ ತಾಗಿದಾಗ ಉರಿ, ಆಗಾಗ ಬಟ್ಟೆಗೆ ರಕ್ತದ ಕಲೆ. ಬೆರಳಲ್ಲಿ ಮುಟ್ಟಿದ್ರೆ ಅಂಚು ಎದ್ದು ಗಟ್ಟಿಯಾಗಿತ್ತು, ಆ ಗಟ್ಟಿತನ ಕಣ್ಣಿಗೆ ಕಾಣೋದಕ್ಕಿಂತ ಸ್ವಲ್ಪ ದೂರದವರೆಗೂ ಇತ್ತು. ಗ್ಲೌಸ್ ಹಾಕಿ ಮುಟ್ಟಿ ನೋಡೋದು ಯಾಕೆ ಮುಖ್ಯ ಅಂದ್ರೆ ಇದಕ್ಕೇ, ಫೋಟೋ ನೋಡಿ ಇದು ಗೊತ್ತಾಗಲ್ಲ. ಗಾಯದ ಪಕ್ಕದಲ್ಲೇ ಒಂದು ದಪ್ಪ ಬಿಳಿ ತೇಪೆ, ಉಜ್ಜಿದ್ರೆ ಬರಲ್ಲ. ತೊಡೆ ಸಂದಿಯಲ್ಲಿ ಎರಡೂ ಕಡೆ ಗಂಟು ಸಿಗಲಿಲ್ಲ. ಗರ್ಭಕೋಶದ ಬಾಯಿ ನೋಡಿದೆ, ಸರಿ ಇತ್ತು. ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆ ನೆಗೆಟಿವ್.

ಸೊಸೆ ಕೇಳಿದ್ಲು, "ಮೇಡಂ, ಪ್ಯಾಪ್ ಟೆಸ್ಟ್ ಮಾಡಿ, ಸ್ಕ್ಯಾನ್ ಮಾಡಿ, ಅದರಲ್ಲಿ ಗೊತ್ತಾಗಲ್ವಾ, ಮತ್ತೆ ಕೊಯ್ಯೋದು ಎಂತಕ್ಕೆ?" ನ್ಯಾಯವಾದ ಪ್ರಶ್ನೆ. ಪ್ಯಾಪ್ ಟೆಸ್ಟ್ ಗರ್ಭಕೋಶದ ಬಾಯಿಗೆ ಮಾಡೋದು, ಹೊರಗಿನ ಚರ್ಮದ ಬಗ್ಗೆ ಅದು ಏನೂ ಹೇಳಲ್ಲ. ಸ್ಕ್ಯಾನು ಗಂಟು ಎಷ್ಟು ದೊಡ್ಡದು, ಎಲ್ಲೆಲ್ಲಿ ಹರಡಿದೆ ಅಂತ ತೋರಿಸಬಹುದು, ಅದು ಏನು ಅಂತ ಹೇಳಲ್ಲ. ರಕ್ತದಲ್ಲಿ ಇದಕ್ಕೆ ಟೆಸ್ಟೇ ಇಲ್ಲ. ಇನ್ನು ನಮ್ಮ ಕಣ್ಣು, ಎಷ್ಟು ಅನುಭವ ಇದ್ರೂ ಈ ಜಾಗದಲ್ಲಿ ಮೋಸ ಹೋಗುತ್ತೆ, ಯಾಕಂದ್ರೆ ಕೆರೆದು ಕೆರೆದು ದಪ್ಪ ಆದ ಚರ್ಮ, ಲೈಕೆನ್ ಸ್ಕ್ಲೀರೋಸಸ್, ಕ್ಯಾನ್ಸರಿನ ಹಿಂದಿನ ಹಂತ, ಶುರುವಾದ ಕ್ಯಾನ್ಸರ್ ಈ ನಾಲ್ಕೂ ಒಂದರ ಪಕ್ಕ ಒಂದು ಒಂದೇ ಥರ ಕಾಣುತ್ವೆ, ಒಬ್ಬರಲ್ಲೇ ನಾಲ್ಕೂ ಇರಬಹುದು ಕೂಡ.

ಆ ಅಮ್ಮನ ಹೆದರಿಕೆ ಬೇರೆ. "ಕತ್ತಿ ತಾಗಿಸಿದ್ರೆ ಹರಡುತ್ತಂತಲ್ಲ, ನಮ್ಮ ಬದಿಯಲ್ಲಿ ಒಬ್ಬರಿಗೆ ಹಂಗೇ ಆಯ್ತು" ಅಂದ್ರು. ಈ ಮಾತು ನಮ್ಮ ಕಡೆ ಪ್ರತಿ ಊರಲ್ಲೂ ಇದೆ. ತುಂಡು ತೆಗೆದದ್ದರಿಂದ ಈ ಕ್ಯಾನ್ಸರ್ ಹರಡಲ್ಲ. ತುಂಡು ತೆಗೆಸೋ ಹೊತ್ತಿಗೇ ತಡ ಆಗಿ ಕಾಯಿಲೆ ಮುಂದೆ ಹೋಗಿರುತ್ತೆ, ಜನ ನೋಡೋದು ಆಮೇಲಿನದನ್ನ. ಇದನ್ನ ಅವರಿಗೆ ಬಿಡಿಸಿ ಹೇಳಿದೆ, ತಕ್ಷಣ ಒಪ್ಪಲಿಲ್ಲ, ಮಗನ ಜೊತೆ ಮಾತಾಡ್ತೀನಿ ಅಂದ್ರು, ಮಾತಾಡಿ ಅದೇ ವಾರ ವಾಪಸ್ ಬಂದ್ರು.

ಬಯಾಪ್ಸಿ ಅಂದ್ರೆ ಆಪರೇಷನ್ ಥಿಯೇಟರ್, ಮೈ ಮರೆಸೋದು ಅಂತ ಅಂದ್ಕೊಂಡಿದ್ರು. ಹಾಗಲ್ಲ. ಓಪಿಡಿಯ ಪಕ್ಕದ ರೂಮಲ್ಲೇ ಆಯ್ತು. ಮೊದಲು ಮರಗಟ್ಟಿಸೋ ಕ್ರೀಮ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಆಮೇಲೆ ತುಂಬಾ ಸಣ್ಣ ಸೂಜಿಯಲ್ಲಿ ಲಿಗ್ನೋಕೇನ್. ನೋವು ಅಂತ ಆಗೋದು ಆ ಸೂಜಿ ಚುಚ್ಚಿ ಔಷಧಿ ಒಳಗೆ ಹೋಗೋ ಅರ್ಧ ನಿಮಿಷ, ಅದನ್ನ ಮುಚ್ಚಿಡದೆ ಮೊದಲೇ ಹೇಳಿಬಿಡಬೇಕು. ಆಮೇಲೆ ಪಂಚ್ ಅಂತ ಒಂದು ಸಾಧನ, ಪೆನ್ನಿನ ಥರ ಹಿಡಿಕೆ, ತುದಿಯಲ್ಲಿ 4 ಮಿಲಿಮೀಟರಿನ ಗುಂಡಗಿನ ಬ್ಲೇಡು, ಒತ್ತಿ ತಿರುಗಿಸಿದ್ರೆ ಸಣ್ಣ ಬೇಳೆ ಕಾಳಿನಷ್ಟು ತುಂಡು ಬರುತ್ತೆ. ಆಳ ಸಾಕಷ್ಟು ಇರಬೇಕು, ಮೇಲ್ಚರ್ಮದ ಕೆಳಗಿನ ಪದರವೂ ಬರಬೇಕು, ಇಲ್ಲಾಂದ್ರೆ ಕ್ಯಾನ್ಸರ್ ಕಂಡರೂ ಅದು ಎಷ್ಟು ಕೆಳಗೆ ಇಳಿದಿದೆ ಅಂತ ಅಳೆಯೋಕಾಗಲ್ಲ. ಎರಡು ಜಾಗದಿಂದ ತೆಗೆದೆ, ಒಂದು ಗಾಯದ ಗಟ್ಟಿ ಅಂಚಿಂದ, ಇನ್ನೊಂದು ಪಕ್ಕದ ದಪ್ಪ ಬಿಳಿ ತೇಪೆಯಿಂದ, ಎರಡೂ ಬೇರೆ ಬೇರೆ ಫಾರ್ಮಲಿನ್ ಬಾಟಲಿಗೆ, ಮೇಲೆ ಯಾವುದು ಎಲ್ಲಿಯದು ಅಂತ ಲೇಬಲ್. ಕರಗೋ ದಾರದಲ್ಲಿ ಒಂದೊಂದು ಹೊಲಿಗೆ. ಎಲ್ಲ ಸೇರಿ ಕಾಲು ಗಂಟೆ. ಮನೆಗೆ ಹೋಗಿ ಮೂತ್ರ ಮಾಡುವಾಗ ಮಗ್ಗಲ್ಲಿ ನೀರು ಸುರ್ಕೊಳ್ಳಿ ಉರಿ ಕಡಿಮೆ ಆಗುತ್ತೆ, ಒರೆಸೋ ಬದಲು ಒತ್ತಿ ಒಣಗಿಸಿ, ಎರಡು ದಿನ ತೋಟದ ಕೆಲಸ ಬೇಡ, ರಕ್ತ ನಿಲ್ಲದಿದ್ರೆ ಅಥವಾ ಕೀವು ಬಂದ್ರೆ ಫೋನ್ ಮಾಡಿ, ಇಷ್ಟೇ ಹೇಳಿ ಕಳಿಸಿದ್ದು.

ಪೂರ್ತಿ ಗಾಯನೇ ತೆಗೆದುಬಿಡಬಹುದಿತ್ತಲ್ಲ, ಒಂದೂವರೆ ಸೆಂಟಿಮೀಟರ್ ತಾನೆ ಅಂತ ಮಗ ಕೇಳಿದ. ಹಾಗೆ ಮಾಡೋದು ಕಂಡಿದ್ದೀನಿ, ಆಮೇಲೆ ಕಷ್ಟ ಆಗೋದೂ ಕಂಡಿದ್ದೀನಿ. ಕ್ಯಾನ್ಸರ್ ಅಂತ ಬಂದ್ರೆ ಸರ್ಜನ್‌ಗೆ ಅದು ನಡುಗೆರೆಯಿಂದ ಎಷ್ಟು ದೂರ ಇತ್ತು, ಮೂತ್ರದ್ವಾರಕ್ಕೆ ಎಷ್ಟು ಹತ್ರ, ಸುತ್ತ ಎಷ್ಟು ಅಂಚು ಬಿಟ್ಟು ತೆಗೀಬೇಕು ಅನ್ನೋದಕ್ಕೆ ಗಾಯ ಕಣ್ಣಮುಂದೆ ಇರಬೇಕು. ತೊಡೆ ಸಂದಿಯಲ್ಲಿ ಕ್ಯಾನ್ಸರ್ ಮೊದಲು ತಲುಪೋ ಗಂಟು, ಅಂದ್ರೆ ದುಗ್ಧಗ್ರಂಥಿ, ಯಾವುದು ಅಂತ ಹುಡುಕೋ ಸೆಂಟಿನೆಲ್ ನೋಡ್ ವಿಧಾನ ಇದೆಯಲ್ಲ, ಅದರಲ್ಲಿ ಬಣ್ಣ ಅಥವಾ ರೇಡಿಯೋ ಔಷಧಿ ಚುಚ್ಚೋದು ಗಾಯದ ಅಂಚಿಗೇ. ಗಾಯನೇ ಇಲ್ಲ ಅಂದ್ರೆ ಎಲ್ಲಿಗೆ ಚುಚ್ಚೋದು? ಅದಕ್ಕೆ ಮೊದಲ ಸಲ ತುಂಡು ಮಾತ್ರ, ಜೊತೆಗೆ ಅಳತೆ ಬರೆದು, ಒಂದು ಚಿತ್ರ ಗೀಚಿ, ಒಪ್ಪಿಗೆ ಕೊಟ್ಟರೆ ಫೋಟೋ. ಪೆಥಾಲಜಿ ಚೀಟಿಯಲ್ಲೂ ಬರೀ "ವಲ್ವಾ ಹುಣ್ಣು" ಅಂತ ಬರೀದೆ, ಎಷ್ಟು ದಿನದ್ದು, ಸುತ್ತ ಲೈಕೆನ್ ಸ್ಕ್ಲೀರೋಸಸ್ ಇದೆ, ಮೊದಲ ಬಯಾಪ್ಸಿಯಲ್ಲಿ ಮೇಲ್ಚರ್ಮ ಬಂದಿರಲಿಲ್ಲ ಅಂತ ಪೂರ್ತಿ ಬರೆದಿದ್ದೆ. ಆ ಕಡೆ ನೋಡೋರಿಗೆ ಅದು ಬೇಕು, ಯಾಕೆ ಅಂತ ಮುಂದೆ ಹೇಳ್ತೀನಿ.

ರಿಪೋರ್ಟ್ ಒಂದು ವಾರಕ್ಕೆ ಬಂತು. ಅಂಚಿನ ತುಂಡಲ್ಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಕೆಳಗೆ ಇಳಿದಿರೋದು 2 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಬಿಳಿ ತೇಪೆಯಲ್ಲಿ ಲೈಕೆನ್ ಸ್ಕ್ಲೀರೋಸಸ್ ಜೊತೆ ಡಿಫರೆನ್ಷಿಯೇಟೆಡ್ ವಿಐಎನ್, ಅಂದ್ರೆ ಕ್ಯಾನ್ಸರಿನ ಹಿಂದಿನ ಹಂತ. ಈ ಹಿಂದಿನ ಹಂತದಲ್ಲಿ ಎರಡು ಬಗೆ ಇದೆ. ಒಂದು ಎಚ್‌ಪಿವಿ ವೈರಸ್‌ನಿಂದ ಬರೋದು, ಸಾಮಾನ್ಯವಾಗಿ ಇನ್ನೂ ಚಿಕ್ಕ ವಯಸ್ಸಿನವರಲ್ಲಿ, ಹಲವು ಕಡೆ ಒಟ್ಟಿಗೆ ಕಾಣಿಸ್ಕೊಳ್ಳೋದು. ಇನ್ನೊಂದು ಇದು, ವೈರಸ್ಸಿಗೂ ಇದಕ್ಕೂ ಸಂಬಂಧ ಇಲ್ಲ, ವಯಸ್ಸಾದವರಲ್ಲಿ ಲೈಕೆನ್ ಸ್ಕ್ಲೀರೋಸಸ್ ಮೇಲೆ ಹುಟ್ಟುತ್ತೆ, ಕ್ಯಾನ್ಸರ್ ಆಗಿ ತಿರುಗೋದು ಮೊದಲನೇದಕ್ಕಿಂತ ಬೇಗ ಮತ್ತು ಜಾಸ್ತಿ. ಮೈಕ್ರೋಸ್ಕೋಪಲ್ಲೂ ಇದು ಬಹಳ ಸೌಮ್ಯವಾಗಿ ಕಾಣುತ್ತೆ, ಮಾಮೂಲಿ ದಪ್ಪಗಾದ ಚರ್ಮ ಅಂತ ದಾಟಿಹೋಗೋ ಸಾಧ್ಯತೆ ಇದೆ, ಚೀಟಿಯಲ್ಲಿ ಪೂರ್ತಿ ಬರೆಯೋದು ಅದಕ್ಕೇ.

ಆ 2 ಮಿಲಿಮೀಟರ್ ಅನ್ನೋದು ಸಣ್ಣ ಸಂಗತಿ ಅಲ್ಲ. ಗಾಯ 2 ಸೆಂಟಿಮೀಟರ್ ಒಳಗಿದ್ದು, ಆಳ 1 ಮಿಲಿಮೀಟರ್ ಒಳಗಿದ್ರೆ ತೊಡೆ ಸಂದಿಯ ಗಂಟು ಮುಟ್ಟೋದೇ ಬೇಡ, ಆ ಜಾಗವನ್ನ ಅಂಚು ಬಿಟ್ಟು ತೆಗೆದ್ರೆ ಸಾಕು. 1 ಮಿಲಿಮೀಟರ್ ದಾಟಿದ್ರೆ ಗಂಟುಗಳನ್ನೂ ನೋಡಲೇಬೇಕು, ಕೈಗೆ ಸಿಗದಿದ್ರೂ ಒಳಗೆ ಇರಬಹುದು. ಏಳು ತಿಂಗಳು ಕಾದದ್ದರ ಬೆಲೆ ಇಲ್ಲೇ ಎಲ್ಲೋ ಇತ್ತು ಅಂತ ನನಗೆ ಅನ್ಸುತ್ತೆ, ಖಚಿತವಾಗಿ ಹೇಳೋಕಾಗಲ್ಲ, ಆದ್ರೂ ಅನ್ಸುತ್ತೆ.

ಹೇಳೋದು ಹೇಗೆ ಅಂತ ಯೋಚನೆ ಇತ್ತು. ಮಗ ಬಾಗಿಲ ಹತ್ರ ಹಿಡಿದು "ಅಮ್ಮಂಗೆ ಹೇಳ್ಬೇಡಿ ಮೇಡಂ" ಅಂದ. ನಾನು ಹೇಳ್ತೀನಿ ಅಂತಲೇ ಅಂದೆ, ಆಪರೇಷನ್ ಆಗೋದು ಅವರ ಮೈಗೆ. ಅಮ್ಮ ಕೇಳಿಸ್ಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು "ಗುಣ ಆಗೋ ಅಂಥದ್ದಾ?" ಅಂತ ಕೇಳಿದ್ರು. ಗಂಟಿಗೆ ಹೋಗದೆ ಇದ್ದರೆ ಹತ್ತರಲ್ಲಿ ಎಂಟೊಂಬತ್ತು ಜನ ಐದು ವರ್ಷ ದಾಟ್ತಾರೆ, ಗಂಟಿಗೆ ಹೋಗಿದ್ರೆ ಅದು ತುಂಬಾ ಕಡಿಮೆ ಆಗುತ್ತೆ, ನಿಮಗೆ ಕೈಗೆ ಸಿಗೋ ಗಂಟು ಇಲ್ಲ, ಸ್ಕ್ಯಾನು ಮತ್ತು ಆಪರೇಷನ್ ಆದ ಮೇಲೆ ಪಕ್ಕಾ ಗೊತ್ತಾಗುತ್ತೆ ಅಂದೆ. ಅವರಿಗೆ ಅಷ್ಟು ಸಾಕಾಯ್ತು.

ಇದನ್ನ ನಾವು ತಾಲ್ಲೂಕು ಮಟ್ಟದಲ್ಲಿ ಮಾಡಬಾರದು, ಕ್ಯಾನ್ಸರ್ ಸರ್ಜನ್ ಇರೋ ಕಡೆ ಆಗಬೇಕು. ನಮ್ಮ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗ್ತಾರೆ, ಇಲ್ಲಾ ಬೆಂಗಳೂರಿನ ಕಿದ್ವಾಯಿಗೆ. ಸೂಕ್ಷ್ಮದರ್ಶಕದ ಸ್ಲೈಡು ಮತ್ತು ಮೇಣದ ಬ್ಲಾಕು ಎರಡನ್ನೂ ಲ್ಯಾಬಿಂದ ಕೇಳಿ ತಗೊಂಡು ಹೋಗಿ ಅಂತ ಹೇಳಿದೆ, ಇಲ್ಲಾಂದ್ರೆ ಅಲ್ಲಿ ಮತ್ತೊಮ್ಮೆ ತುಂಡು ತೆಗೆಯೋ ಪ್ರಸಂಗ ಬರಬಹುದು. ಬಿಪಿಎಲ್ ಕಾರ್ಡು, ಆಧಾರು, ರೆಫರಲ್ ಚೀಟಿ ಮೊದಲೇ ರೆಡಿ ಮಾಡ್ಕೊಂಡು ಹೋದ್ರು.

ಅಲ್ಲಿ ಗಾಯ, ಬಿಳಿ ತೇಪೆ ಎರಡನ್ನೂ ಸುತ್ತ ಒಳ್ಳೆ ಚರ್ಮದ ಅಂಚು ಸೇರಿಸಿ ತೆಗೆದ್ರು. ಗಾಯ ನಡುಗೆರೆಯಿಂದ 2 ಸೆಂಟಿಮೀಟರಿಗಿಂತ ದೂರ ಇದ್ದಿದ್ರಿಂದ ಎಡ ತೊಡೆ ಸಂದಿಯ ಸೆಂಟಿನೆಲ್ ಗಂಟು ಮಾತ್ರ ನೋಡಿದ್ರು, ಅದರಲ್ಲಿ ಕ್ಯಾನ್ಸರ್ ಇರಲಿಲ್ಲ. ಹಂತ 1ಬಿ. ರೇಡಿಯೇಷನ್ ಬೇಕಾಗಲಿಲ್ಲ. ಎಲ್ಲ ಗಂಟು ತೆಗೆದಿದ್ರೆ ಕಾಲು ಬಾವು ಬಂದು ಜೀವಮಾನ ಎಳೆದಾಡೋ ಸಂಭವ ಇರುತ್ತೆ, ತೋಟದಲ್ಲಿ ಓಡಾಡೋರಿಗೆ ಅದು ದೊಡ್ಡ ಕಷ್ಟ, ಅದು ತಪ್ಪಿತು. ಹೊಲಿಗೆ ಜಾಗ ಒಂದು ಕಡೆ ಬಿಟ್ಟುಕೊಂಡು ಆರೋಕೆ ಕೆಲವು ವಾರ ಹೆಚ್ಚೇ ತಗೊಂಡಿತು.

ಉಳಿದ ಚರ್ಮದಲ್ಲಿ ಲೈಕೆನ್ ಸ್ಕ್ಲೀರೋಸಸ್ ಇದ್ದೇ ಇದೆ, ಆಪರೇಷನ್‌ನಿಂದ ಅದು ಹೋಗಲ್ಲ. ಗಾಯ ಪೂರ್ತಿ ಆರಿದ ಮೇಲೆ ಕ್ಲೋಬಿಟಸಾಲ್ ಅನ್ನೋ ಸ್ಟೆರಾಯ್ಡ್ ಮುಲಾಮು ಶುರು ಮಾಡಿದ್ವಿ. ಮೊದಲ ತಿಂಗಳು ದಿನಾ ರಾತ್ರಿ, ಎರಡನೇ ತಿಂಗಳು ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ಅದನ್ನೇ ಮುಂದುವರಿಸೋದು. 30 ಗ್ರಾಂ ಟ್ಯೂಬ್ ಒಂದು ಮೂರು ತಿಂಗಳಿಗೆ ಸಾಕು. ಮೆಡಿಕಲ್ ಶಾಪಿನವರು "ಇದು ಸ್ಟ್ರಾಂಗು, ಅಲ್ಲಿಗೆ ಹಚ್ಚಬೇಡಿ" ಅಂದಿದ್ರಂತೆ, ಅಮ್ಮ ಹೆದರಿ ನಿಲ್ಲಿಸಿಬಿಟ್ಟಿದ್ರು. ಸ್ಟ್ರಾಂಗು ಹೌದು, ಆದ್ರೆ ಈ ಕಾಯಿಲೆಗೆ ಅಷ್ಟು ಸ್ಟ್ರಾಂಗೇ ಬೇಕು, ಹೇಳಿದ ಅಳತೆಯಲ್ಲಿ ಹಚ್ಚಿದ್ರೆ ತೊಂದರೆ ಇಲ್ಲ ಅಂತ ಮತ್ತೆ ಶುರು ಮಾಡಿಸಿದೆ.

ಮೂರು ತಿಂಗಳಿಗೊಮ್ಮೆ ಬರ್ತಾರೆ, ಗಾಯದ ಜಾಗ, ಉಳಿದ ಚರ್ಮ, ಎರಡೂ ತೊಡೆ ಸಂದಿ ನೋಡ್ತೀನಿ. ತಿಂಗಳಿಗೊಮ್ಮೆ ಮನೆಯಲ್ಲಿ ಕೈಗನ್ನಡಿ ಇಟ್ಟು ತಾವೇ ನೋಡ್ಕೊಳ್ಳೋಕೆ ಕಲಿಸಿದೀನಿ, ಮೊದಮೊದಲು ಮುಖ ತಿರುಗಿಸ್ತಿದ್ರು, ಈಗ ನೋಡ್ತಾರೆ. ಹಾಗೆ ನೋಡಿಯೇ ಈ ಮಳೆಗಾಲ ಮುಗಿಯೋ ಹೊತ್ತಿಗೆ ಬಲಗಡೆ ಒಂದು ದಪ್ಪ ಕಲೆ ಎದ್ದಿದೆ ಅಂತ ತಾವೇ ಹೇಳಿ ಬಂದ್ರು. ಮುಲಾಮು ಸರಿಯಾಗೇ ಹಚ್ಚುತ್ತಿದ್ರು, ಆದ್ರೂ ಎದ್ದಿತ್ತು, ಹಾಗಾಗಿ ಅಲ್ಲಿಂದಲೂ 4 ಮಿಲಿಮೀಟರಿನ ಒಂದು ತುಂಡು ತೆಗೆದು ಕಳಿಸಿದೆ. ಈ ಸಲದ ರಿಪೋರ್ಟಲ್ಲಿ ಮೇಲ್ಚರ್ಮ ಪೂರ್ತಿ ಇತ್ತು, ಕೆಳಪದರವೂ ಇತ್ತು, ಲೈಕೆನ್ ಸ್ಕ್ಲೀರೋಸಸ್ ಮಾತ್ರ, ವಿಐಎನ್ ಇಲ್ಲ, ಕ್ಯಾನ್ಸರ್ ಇಲ್ಲ. ಆ ಕಲೆಗೆ ಕ್ಲೋಬಿಟಸಾಲ್ ಮತ್ತೆ ದಿನಾ ರಾತ್ರಿ ಒಂದು ತಿಂಗಳು ಅಂತ ಬರೆದುಕೊಟ್ಟಿದೀನಿ, ಕರಗದಿದ್ರೆ ಇನ್ನೊಂದು ತುಂಡು ತೆಗೀತೀನಿ ಅಂತಲೂ ಹೇಳಿದೀನಿ.